ಗುರುಗಳಿಗೆ ಕೊಟ್ಟ ಮಾತು ಮತ್ತು ಎಂಟನೆಯ ತರಗತಿ

ಅಧಿಕಾರಿಯಾದ ಶಿಷ್ಯನಿಗೆ ಹಳ್ಳಿಯ ಅಧ್ಯಾಪಕರೊಬ್ಬರು ಪತ್ರ ಬರೆದಿದ್ದಾರೆಂದರೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ಏನು? ವರ್ಗಾವಣೆಗೊಂದು ಶಿಫಾರಸು, ಮಗನಿಗೊಂದು ಕೆಲಸ ಅಥವಾ ತಡೆಹಿಡಿದ ಪಿಂಚಣಿ. ಅಧಿಕಾರವೆಂದರೆ ತನ್ನವರಿಗೆ ನೆರವಾಗುವ ಅವಕಾಶ ಎಂಬ ಭಾವನೆ ನಮ್ಮಲ್ಲಿ ಅಷ್ಟರ ಮಟ್ಟಿಗೆ ಬೇರೂರಿದೆ. ಆದರೆ ತನಗಾಗಿ ಏನನ್ನೂ ಕೇಳದೆ, ಶಿಷ್ಯ ಹಿಂದೊಮ್ಮೆ ಕೊಟ್ಟ ಮಾತನ್ನಷ್ಟೇ ನೆನಪಿಸುವ ಪತ್ರವೊಂದು ಅವನ ಮೇಜಿಗೆ ಬಂದರೆ?

ಅಂಥ ಒಂದು ಪತ್ರವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಇದು ಯಾರೋ ಒಬ್ಬ ಅಧ್ಯಾಪಕರ ಖಾಸಗಿ ಪತ್ರವಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಏಳನೆಯ ತರಗತಿಗೆ ಮುಗಿದುಹೋಗುವ ಯಾವುದೇ ಸರಕಾರಿ ಶಾಲೆಯ ಮುಖ್ಯಾಧ್ಯಾಪಕರು ಬರೆಯಬಹುದಾದ ಪತ್ರ. ಆದ್ದರಿಂದಲೇ ಇದರಲ್ಲಿ ಊರಿಗೂ ಶಿಷ್ಯನಿಗೂ ಹೆಸರಿಲ್ಲ. ಮಕ್ಕಳ ಲೆಕ್ಕವನ್ನು ವಿಷಯ ತಿಳಿಯಲೆಂದು ನಾನೇ ಕಟ್ಟಿಕೊಂಡಿದ್ದೇನೆ. ಆದರೆ ಇದರಲ್ಲಿ ಬರುವ ಕಾಯ್ದೆ, ನಿಯಮ, ಯೋಜನೆ ಮತ್ತು ಅವುಗಳ ವರ್ಷಗಳು ಕಟ್ಟುಕತೆಯಲ್ಲ.

ಚಿರಂಜೀವಿ ತಮ್ಮನಿಗೆ, ನಿನ್ನ ಗುರುಗಳು ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಕ್ಷೇಮವನ್ನು ಪತ್ರಿಕೆಗಳಿಂದ ತಿಳಿಯುತ್ತಿದ್ದೇನೆ. ಎರಡು ಬಾರಿ ನಿನ್ನ ಕಚೇರಿಗೆ ಫೋನ್ ಮಾಡಿದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದು ನಿನ್ನ ಆಪ್ತ ಸಹಾಯಕರು ಬಹಳ ಮರ್ಯಾದೆಯಿಂದಲೇ ಹೇಳಿದರು. ನನಗೆ ಬೇಸರವಿಲ್ಲ. ನಿನ್ನ ಕುರ್ಚಿಗೆ ಬರುವ ಕಡತಗಳೆಷ್ಟು, ಬೆಳಗಿನಿಂದ ರಾತ್ರಿಯವರೆಗಿನ ಸಭೆಗಳೆಷ್ಟು ಎಂಬುದು ನನಗೆ ತಿಳಿಯದ್ದಲ್ಲ. ಫೋನಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಮೇಜಿನ ಮೇಲಾದರೂ ಉಳಿಯುತ್ತದೆ ಎಂದು ಈ ಕಾಗದ ಬರೆಯುತ್ತಿದ್ದೇನೆ.

ನೀನು ಆಯ್ಕೆಯಾಗಿ ಊರಿಗೆ ಬಂದ ವರ್ಷ ಆಗಸ್ಟ್ 15ರಂದು ನಮ್ಮ ಶಾಲೆಯ ಅಂಗಳದಲ್ಲಿ ನಿನಗೆ ಸನ್ಮಾನ ಮಾಡಿದೆವು. ಶಾಲು, ಹಾರ, ಫಲತಾಂಬೂಲಗಳೆಲ್ಲ ಮುಗಿದ ಮೇಲೆ ನೀನು ಧ್ವನಿವರ್ಧಕವನ್ನು ಬದಿಗಿಟ್ಟು ನನ್ನ ಕೈ ಹಿಡಿದು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ನಮ್ಮ ಅಕ್ಕನ್ಹಂಗ ಇನ್ನೊಬ್ಬಾಕಿ ಸಾಲಿ ಬಿಡಬಾರದ್ರಿ ಗುರುಗಳ. ಈ ಸಾಲಿಗೆ ಎಂಟನೇತ್ತೆ ತರೂದು ನನ್ನ ಜವಾಬ್ದಾರಿ” ಎಂದಿದ್ದೆ. ನಾನು ಕೇಳಿರಲಿಲ್ಲ, ನೀನಾಗಿಯೇ ಕೊಟ್ಟ ಮಾತು ಅದು.

ನಿನ್ನ ಅಕ್ಕ ಏಳನೆಯ ಇಯತ್ತೆ ಮುಗಿಸಿದ್ದು 2001ರಲ್ಲಿ. ನೀನು ಮುಗಿಸಿದ್ದು 2003ರಲ್ಲಿ. ಲೆಕ್ಕದಲ್ಲಿ ಅವಳು ನಿನಗಿಂತ ಚುರುಕಾಗಿದ್ದಳು. ನಿನ್ನೆದುರಿಗೆ ಇದನ್ನು ನಾನು ಹೇಳುತ್ತಿರುವುದು ಮೊದಲ ಸಲವಲ್ಲ. ಹೈಸ್ಕೂಲು ಇದ್ದದ್ದು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ, ನಡುವೆ ಹಳ್ಳ. ನಿನಗೆ ನಿನ್ನ ಮಾವನ ಹಳೆಯ ಸೈಕಲ್ ಸಿಕ್ಕಿತು. ಮಳೆಗಾಲದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿದೆ. ಅವಳಿಗೆ ಸೈಕಲ್ ಸಿಗಲಿಲ್ಲ. ಸಿಕ್ಕಿದ್ದರೂ ಒಬ್ಬಳನ್ನೇ ಆ ದಾರಿಯಲ್ಲಿ ಕಳಿಸುವ ಧೈರ್ಯ ಮನೆಯಲ್ಲಿ ಇರಲಿಲ್ಲ. ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು 2006ರಲ್ಲಿ. ಅವಳ ಪಾಲಿಗೆ ಅದು ಐದು ವರ್ಷ ತಡವಾಗಿತ್ತು. ಆ ಯೋಜನೆಯೂ ಕೊರೊನಾ ಬಂದ 2020ರಿಂದ ವರ್ಷಗಟ್ಟಲೆ ನಿಂತುಹೋಯಿತು.

ನಮ್ಮ ಕನ್ನಡ ಶಾಲೆಗಳು ಏಳಕ್ಕೇ ಏಕೆ ಮುಗಿಯುತ್ತವೆ ಎಂದು ನೀನೊಮ್ಮೆ ಕೇಳಿದ್ದೆ. ಮುಂಬಯಿ ಇಲಾಖೆಯ ಕಾಲದಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಅದನ್ನು ಪಾಸಾದವನು ಮಾಸ್ತರನಾಗಬಹುದಿತ್ತು. ಹಳ್ಳಿಯವನ ಓದಿಗೆ ಅಷ್ಟೇ ಸಾಕು ಎಂಬ ಕಾಲ ಅದು. ಮುಲ್ಕಿ ಪರೀಕ್ಷೆ ಹೋಯಿತು, ಆ ನೌಕರಿಗಳೂ ಹೋದವು, ಆದರೆ ಏಳರ ಗಡಿ ಹಾಗೆಯೇ ಉಳಿದುಕೊಂಡಿತು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಅದು ಒಂದರಿಂದ ಎಂಟರವರೆಗಿನ ಓದನ್ನು ಪ್ರಾಥಮಿಕ ಹಂತದ ಶಿಕ್ಷಣವೆಂದು ಕರೆದು, ಅಷ್ಟನ್ನೂ ಮಗುವಿನ ಹಕ್ಕೆಂದು ಸಾರಿತು. ಅಂದರೆ ಎಂಟನೆಯ ತರಗತಿ ಕಾಯ್ದೆಯಲ್ಲಿ ಈಚೆ ದಡಕ್ಕೆ ಸೇರಿದೆ, ನಮ್ಮ ಊರಿನಲ್ಲಿ ಮಾತ್ರ ಅದು ಹಳ್ಳದ ಆಚೆ ದಡದಲ್ಲಿದೆ.

ಈಗ ನಮ್ಮ ಶಾಲೆಯ ಕಳೆದ ವರ್ಷದ ಲೆಕ್ಕ ಹೇಳುತ್ತೇನೆ. ಏಳನೆಯ ತರಗತಿಯಲ್ಲಿ 24 ಮಕ್ಕಳು, 11 ಗಂಡು, 13 ಹೆಣ್ಣು. ಎಲ್ಲರೂ ತೇರ್ಗಡೆಯಾದರು. ಜೂನ್ ಕೊನೆಗೆ ನಾನು ಹೈಸ್ಕೂಲಿಗೆ ಹೋಗಿ ಅಲ್ಲಿಯ ದಾಖಲಾತಿ ಪುಸ್ತಕ ನೋಡಿದೆ. ಗಂಡು ಮಕ್ಕಳು ಹತ್ತು ಮಂದಿ ಸೇರಿದ್ದರು, ಹನ್ನೊಂದನೆಯವನು ಅಜ್ಜಿಯ ಊರಿನಲ್ಲಿ ಓದುತ್ತಿದ್ದ. ಹೆಣ್ಣು ಮಕ್ಕಳು ಎಂಟು ಮಂದಿ. ಉಳಿದ ಐವರು ಎಲ್ಲಿ ಎಂದು ಮನೆಮನೆಗೆ ಹೋಗಿ ಕೇಳಿದೆ. ಒಬ್ಬಳು ತಂದೆತಾಯಿಗಳೊಡನೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುವುದೆಂದು ತೀರ್ಮಾನವಾಗಿತ್ತು. ಒಬ್ಬಳು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರು ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು. ಐದನೆಯವಳು ತೊಟ್ಟಿಲ ಮುಂದೆ ಕುಳಿತಿದ್ದಳು, ತಮ್ಮನನ್ನು ನೋಡಿಕೊಳ್ಳಲು.

ತಮ್ಮಾ, ಈ ಐವರು ಯಾವ ಪುಸ್ತಕದಲ್ಲಿ ಇದ್ದಾರೆ ಎಂದು ನಿನ್ನನ್ನು ಕೇಳಲು ನಾನು ಈ ಕಾಗದ ಬರೆದಿದ್ದೇನೆ.

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರಿಲ್ಲ. ಅವರು ಪಾಸಾಗಿ ಹೊರಗೆ ಹೋದವರು. ಹೈಸ್ಕೂಲಿನ ಹಾಜರಿ ಪುಸ್ತಕದಲ್ಲೂ ಅವರಿಲ್ಲ. ಅವರು ಅಲ್ಲಿಗೆ ಸೇರಲೇ ಇಲ್ಲ. ಐದನೆಯ ತರಗತಿಯ ಒಂದು ಮಗು ಒಂದು ವಾರ ಬರದಿದ್ದರೆ ನಾವು ಮನೆಗೆ ಹೋಗುತ್ತೇವೆ, ವರದಿ ಬರೆಯುತ್ತೇವೆ. ಗೈರುಹಾಜರಿಯನ್ನು ಗುರುತಿಸಲು ಮೊದಲು ಹೆಸರು ಹಾಜರಿಯಲ್ಲಿ ಇರಬೇಕಲ್ಲ? ಏಳಕ್ಕೂ ಎಂಟಕ್ಕೂ ನಡುವಿನ ಬೇಸಿಗೆ ರಜೆಯಲ್ಲಿ ಶಾಲೆ ಬಿಟ್ಟ ಹುಡುಗಿಯನ್ನು ಗೈರುಹಾಜರೆಂದು ಕರೆಯುವ ಮುಖ್ಯಾಧ್ಯಾಪಕನೇ ಇಲ್ಲ. ಆದ್ದರಿಂದ ನನ್ನ ವರದಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಕಾಲಮಿನಲ್ಲಿ ಸೊನ್ನೆ ಇತ್ತು. ಹೈಸ್ಕೂಲಿನ ವರದಿಯಲ್ಲೂ ಸೊನ್ನೆ. ಎರಡೂ ಸುಳ್ಳಲ್ಲ, ಎರಡನ್ನೂ ಕೂಡಿಸಿದರೆ ಐದು ಹೆಣ್ಣು ಮಕ್ಕಳು. ಇಷ್ಟು ವರ್ಷ ಆ ಸೊನ್ನೆಯ ಕೆಳಗೆ ಸಹಿ ಮಾಡಿದವನು ನಾನೇ. ಆದ್ದರಿಂದ ನಿನ್ನೊಬ್ಬನ ತಪ್ಪನ್ನು ಎತ್ತಿ ಆಡಲು ಈ ಪತ್ರವಲ್ಲ.

ಕಾಯ್ದೆಗೆ ಈ ವಿಷಯ ತಿಳಿಯದೇ ಇರಲಿಲ್ಲ. ಅದರ 5ನೆಯ ಕಲಮು, ಶಾಲೆಯಲ್ಲಿ ಎಂಟರವರೆಗೆ ಓದುವ ವ್ಯವಸ್ಥೆ ಇಲ್ಲದಿದ್ದರೆ ಬೇರೆ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಮಗುವಿಗೆ ಇದೆ ಎನ್ನುತ್ತದೆ. ಮುಖ್ಯಾಧ್ಯಾಪಕ ಕೂಡಲೇ ಟಿ.ಸಿ. ಕೊಡಬೇಕು, ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸಬಾರದು. ಹನ್ನೆರಡು ವರ್ಷದ ಹುಡುಗಿ ತನ್ನ ಹಕ್ಕನ್ನು ತಾನೇ ಕೇಳಿಕೊಂಡು ಹಳ್ಳ ದಾಟುವಳೆಂದು ಆ ಕಲಮನ್ನು ಬರೆದವರು ಭಾವಿಸಿರಬೇಕು. ಆದರೆ 9ನೆಯ ಕಲಮು ಬೇರೆ ಮಾತು ಹೇಳುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆಯನ್ನು ಸ್ಥಳೀಯ ಪ್ರಾಧಿಕಾರ ಇಡಬೇಕು, ಪ್ರತಿಯೊಂದು ಮಗು ಸೇರಿತೇ, ಬಂದಿತೇ, ಎಂಟನ್ನು ಮುಗಿಸಿತೇ ಎಂದು ಅದು ನೋಡಿಕೊಳ್ಳಬೇಕು. ಇಲ್ಲಿ ಲೆಕ್ಕ ಶಾಲೆಯದ್ದಲ್ಲ, ಊರಿನದು. ಶಾಲೆಯ ಗೇಟು ದಾಟಿದ ಮಗುವೂ ಊರಿನಲ್ಲಿ ಇದ್ದೇ ಇರುತ್ತದೆ. ಈ ಒಂದು ದಾಖಲೆ ಇದ್ದಿದ್ದರೆ ಐವರೂ ಅದರಲ್ಲಿ ಕಾಣುತ್ತಿದ್ದರು.

ಇನ್ನು ನಿನ್ನ ಮಾತಿನ ವಿಷಯ. ಎಂಟನೆಯ ತರಗತಿ ತೆರೆಯಬೇಕೆಂದು ನಮ್ಮ ಎಸ್.ಡಿ.ಎಂ.ಸಿ. ಎರಡು ಬಾರಿ ಠರಾವು ಮಾಡಿ ಕಳಿಸಿತು. ಪ್ರಸ್ತಾವನೆ ಹೇಗೆ ಹೋಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಅಲ್ಲಿಂದ ಬೆಳಗಾವಿಗೆ, ಅಲ್ಲಿಂದ ಧಾರವಾಡಕ್ಕೆ, ಅಲ್ಲಿಂದ ಬೆಂಗಳೂರಿಗೆ. ಪ್ರತಿ ಮೆಟ್ಟಿಲಲ್ಲೂ ಮಕ್ಕಳ ಸಂಖ್ಯೆ ಎಷ್ಟು, ಕೊಠಡಿ ಎಷ್ಟು, ದೂರ ಎಷ್ಟು ಎಂಬ ಪ್ರಶ್ನೆ. ನಮ್ಮ ಪ್ರಸ್ತಾವನೆ ಒಂದು ಮೆಟ್ಟಿಲಿನಿಂದ ಎರಡು ಸಾಲಿನ ಉತ್ತರದೊಂದಿಗೆ ಹಿಂದೆ ಬಂದಿತು. ಐದು ಕಿಲೋಮೀಟರ್ ಒಳಗೆ ಪ್ರೌಢಶಾಲೆ ಇರುವುದರಿಂದ ಪರಿಗಣಿಸಲು ಅವಕಾಶವಿಲ್ಲ ಎಂದಿತ್ತು.

ಈ ಎರಡು ಸಾಲಿನಲ್ಲಿ ಅಡಗಿರುವ ತಪ್ಪನ್ನು ನೀನು ಗಮನಿಸಬೇಕು. ಐದು ಕಿಲೋಮೀಟರ್ ಎಂಬುದು ಪ್ರೌಢಶಾಲೆಯ ಅಳತೆ, ಒಂಬತ್ತು ಮತ್ತು ಹತ್ತನೆಯ ತರಗತಿಗೆ ಸಲ್ಲುವಂಥದ್ದು. ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೇಂದ್ರದ 2010ರ ನಿಯಮಗಳು ಹೇಳುವ ಅಳತೆ ಮೂರು ಕಿಲೋಮೀಟರ್. ನಮ್ಮ ಎಂಟನೆಯ ತರಗತಿ ಹೈಸ್ಕೂಲಿನ ಕಟ್ಟಡದೊಳಗೆ ಇರುವುದರಿಂದ ಅದನ್ನು ಹೈಸ್ಕೂಲಿನ ಕೋಲಿನಿಂದ ಅಳೆಯುತ್ತಾರೆ. ಮಗುವಿನ ವಯಸ್ಸಿಗೆ ಮತ್ತು ಕಾಯ್ದೆಗೆ ಅದು ಪ್ರಾಥಮಿಕ, ಕಟ್ಟಡಕ್ಕೆ ಅದು ಪ್ರೌಢ. ಮೂರಕ್ಕೂ ಐದಕ್ಕೂ ನಡುವೆ ಇರುವ ಊರುಗಳು ಈ ಎರಡು ಕೋಲುಗಳ ನಡುವೆ ಸಿಕ್ಕಿಕೊಂಡಿವೆ. ನಾಲ್ಕೂವರೆ ಕಿಲೋಮೀಟರಿನ ನಮ್ಮ ಊರೂ ಅವುಗಳಲ್ಲಿ ಒಂದು. ನೆರೆಹೊರೆಯ ಶಾಲೆ ಇಲ್ಲದ ಕಡೆ ಅದನ್ನು ಸ್ಥಾಪಿಸಲು ಕಾಯ್ದೆ ಕೊಟ್ಟದ್ದು ಮೂರು ವರ್ಷದ ಗಡುವು. ಅದು 2013ರ ಮಾರ್ಚ್ 31ಕ್ಕೆ ಮುಗಿದಿದೆ. ನೀನು ನನಗೆ ಮಾತು ಕೊಡುವುದಕ್ಕೆ ಮೊದಲೇ ಸರಕಾರ ಮಾತು ಕೊಟ್ಟಿತ್ತು ಎಂಬುದು ಇದರ ಅರ್ಥ.

ಹಾಗಾದರೆ ನಾಳೆಯೇ ಎಂಟನೆಯ ತರಗತಿ ಮಂಜೂರು ಮಾಡಿಸು ಎಂದು ನಾನು ಬರೆಯಬೇಕಿತ್ತು. ಆದರೆ ಈ ವಯಸ್ಸಿನಲ್ಲಿ ನಿನ್ನ ಮುಂದೆ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ನೀನು ಕೊಟ್ಟ ಮಾತಿನಲ್ಲಿ ಮತ್ತು ನಾನು ಇಟ್ಟುಕೊಂಡ ಆಸೆಯಲ್ಲಿ ಅರ್ಧ ತಪ್ಪಿತ್ತು. ಪಕ್ಕದ ಒಂದು ಊರಿನಲ್ಲಿ ಎಂಟನೆಯ ತರಗತಿ ತೆರೆದರು. ಮಕ್ಕಳು ಹದಿನಾಲ್ಕು. ಗಣಿತ ವಿಜ್ಞಾನಕ್ಕೆ ಪದವೀಧರ ಶಿಕ್ಷಕರು ಬರಲಿಲ್ಲ. ಒಂದು ಎರಡನೆಯ ತರಗತಿಯ ಅಧ್ಯಾಪಕಿಯೇ ಎಂಟಕ್ಕೂ ಹೋಗಬೇಕಾಯಿತು. ಸಣ್ಣ ಮಕ್ಕಳ ಓದು ಕೆಟ್ಟಿತು, ದೊಡ್ಡವರ ಓದು ಆಗಲಿಲ್ಲ. ಮರುವರ್ಷ ಒಂಬತ್ತಕ್ಕೆ ಅದೇ ದಾರಿಯಲ್ಲಿ ಹೋಗಬೇಕಾದಾಗ ಹಿಂದಿನಂತೆಯೇ ಕೆಲವು ಹುಡುಗಿಯರು ನಿಂತುಬಿಟ್ಟರು. ತರಗತಿ ತೆರೆದದ್ದರಿಂದ ಶಾಲೆ ಬಿಡುವುದು ನಿಲ್ಲಲಿಲ್ಲ, ಒಂದು ವರ್ಷ ಮುಂದಕ್ಕೆ ಹೋಯಿತು. ಆದೇಶದ ಪ್ರತಿ ಮಾತ್ರ ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ.

ಆದ್ದರಿಂದ ನಾನು ಈಗ ಕೇಳುವುದು ಅದಕ್ಕಿಂತ ಸಣ್ಣದು, ಆದರೆ ಎಲ್ಲ ಊರುಗಳಿಗೂ ಸಲ್ಲುವಂಥದ್ದು.

ಮೊದಲನೆಯದು ಒಂದು ಪಟ್ಟಿ. ಈಗ ಪ್ರತಿಯೊಂದು ಮಗುವಿಗೂ ವಿದ್ಯಾರ್ಥಿ ಸಂಖ್ಯೆ ಇದೆ, ಎಸ್.ಎ.ಟಿ.ಎಸ್. ತಂತ್ರಾಂಶದಲ್ಲಿ ಅದರ ಹೆಸರು ತರಗತಿಯಿಂದ ತರಗತಿಗೆ ಸಾಗುತ್ತದೆ. ಏಳು ಮುಗಿಸಿದ ಮಗುವನ್ನು ಯಾವ ಹೊಸ ಶಾಲೆಯೂ ಸೇರಿಸಿಕೊಳ್ಳದಿದ್ದರೆ ಅದರ ಹೆಸರು ಅಲ್ಲಿಯೇ ಕಾಯುತ್ತಿರುತ್ತದೆ. ನಾನು ಕಾಲ್ನಡಿಗೆಯಲ್ಲಿ ಕಂಡುಕೊಂಡದ್ದನ್ನು ನಿನ್ನ ಕಚೇರಿ ಕುಳಿತಲ್ಲಿಯೇ ನೋಡಬಹುದು. ಪ್ರತಿ ವರ್ಷ ಜುಲೈ 1ಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ವಲಯಗಳಲ್ಲಿ ಏಳು ಮುಗಿಸಿ ಎಂಟಕ್ಕೆ ಸೇರದ ಮಕ್ಕಳ ಹೆಸರುಗಳನ್ನು ಊರುವಾರು ತೆಗೆದು, ಆಯಾ ಗ್ರಾಮ ಪಂಚಾಯಿತಿಗೂ ಮುಖ್ಯಾಧ್ಯಾಪಕರಿಗೂ ಕಳಿಸುವ ಒಂದು ಆದೇಶ ಸಾಕು. ಸಂಖ್ಯೆ ಬೇಡ, ಹೆಸರು ಬೇಕು. ಐದು ಎಂದರೆ ಪಂಚಾಯಿತಿಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಇಂಥವರ ಮಗಳು ಎಂದರೆ ಸಭೆಯಲ್ಲಿ ಅವಳ ಚಿಕ್ಕಪ್ಪನೇ ಕುಳಿತಿರುತ್ತಾನೆ. ದಿನಾಂಕವೂ ಮುಖ್ಯ. ಶಾಲಾ ಅಂಕಿಅಂಶದ ಲೆಕ್ಕಕ್ಕೆ ಸೆಪ್ಟೆಂಬರ್ 30 ಆಧಾರ ದಿನ. ಅಷ್ಟು ಹೊತ್ತಿಗೆ ಹುಡುಗಿಯ ಕೈಗೆ ಕೂಲಿಯ ರೂಢಿ ಬಂದಿರುತ್ತದೆ, ಮನೆಯವರಿಗೆ ಆ ಹಣದ ರೂಢಿ ಬಂದಿರುತ್ತದೆ. ಜುಲೈಯಲ್ಲಿ ಹೋಗಿ ಮಾತಾಡಿದರೆ ತಿರುಗಿ ಬರುತ್ತಾಳೆ. ಅಕ್ಟೋಬರಿನಲ್ಲಿ ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ.

ಎರಡನೆಯದು ಬಸ್ಸು. 2023ರ ಜೂನ್ 11ರಿಂದ ಹೆಣ್ಣು ಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯದೇ ಆಯಿತು. ಆದರೆ ನಮ್ಮ ಊರಿಗೆ ಬೆಳಗಿನ ಬಸ್ಸು ಏಳೂವರೆಗೆ, ಅದರ ನಂತರದ್ದು ಹನ್ನೊಂದಕ್ಕೆ. ಶಾಲೆಯ ಗಂಟೆ ಹತ್ತಕ್ಕೆ. ಸಂಜೆ ಶಾಲೆ ಬಿಟ್ಟ ಎರಡೂವರೆ ತಾಸಿನ ನಂತರ ತಿರುಗಿ ಬರುವ ಬಸ್ಸು. ಚಳಿಗಾಲದಲ್ಲಿ ಆ ಹೊತ್ತಿಗೆ ಕತ್ತಲಾಗಿರುತ್ತದೆ. ಟಿಕೆಟ್ ಇಲ್ಲದ ಬಸ್ಸಿಗಿಂತ ಹೊತ್ತಿಗೆ ಬರುವ ಬಸ್ಸು ಅವರಿಗೆ ಬೇಕಾಗಿದೆ. ಹನ್ನೊಂದರ ಬಸ್ಸು ಒಂಬತ್ತೂವರೆಗೆ ಬಂದರೆ, ಸಂಜೆಯದು ಐದಕ್ಕೆ ಹೊರಟರೆ, ಹೊಸ ಬಸ್ಸೂ ಬೇಡ, ಹೊಸ ಚಾಲಕನೂ ಬೇಡ. ಪಟ್ಟಿಯಲ್ಲಿ ಯಾವ ಮಾರ್ಗದ ಊರುಗಳು ಒಟ್ಟಾಗಿ ಕಾಣುತ್ತವೆಯೋ ಆ ಮಾರ್ಗದ ವೇಳಾಪಟ್ಟಿಯನ್ನು ಸಾರಿಗೆ ಸಂಸ್ಥೆಯ ಘಟಕದವರೊಡನೆ ಕುಳಿತು ಬದಲಿಸಬೇಕು. ನಾನು ಅರ್ಜಿ ಬರೆದರೆ ಅದು ಒಬ್ಬ ಮಾಸ್ತರನ ಅರ್ಜಿ. ನೀನು ಸಭೆ ಕರೆದರೆ ಅವರು ವೇಳಾಪಟ್ಟಿ ಹಿಡಿದುಕೊಂಡು ಬರುತ್ತಾರೆ.

ಮೂರನೆಯದು, ಬಸ್ಸೇ ಇಲ್ಲದ ಊರುಗಳಿಗೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಸಾರಿಗೆ ಮತ್ತು ಬೆಂಗಾವಲಿಗೆಂದು ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 6000 ರೂಪಾಯಿಯವರೆಗೆ ಅವಕಾಶವಿದೆ. ಒಂದೊಂದು ಮಗುವಿಗೆ ಪ್ರತ್ಯೇಕವಾಗಿ ನೋಡಿದರೆ ಅದು ಸಣ್ಣ ಹಣ. ಹತ್ತು ಮಕ್ಕಳದ್ದು ಕೂಡಿದರೆ ಹತ್ತು ಶಾಲಾ ತಿಂಗಳುಗಳಿಗೆ, ತಿಂಗಳಿಗೆ 6000 ರೂಪಾಯಿ. ಒಂದು ಟಂಟಂ ಗಾಡಿ ಮತ್ತು ಜೊತೆಗೆ ಹೋಗುವ ಒಬ್ಬ ತಾಯಿ, ಇಷ್ಟನ್ನು ಅದರಲ್ಲಿ ಹೊಂದಿಸಲು ಊರಿನವರು ಪ್ರಯತ್ನಿಸಬಹುದು. ಆದರೆ ಈ ಹಣ ಬೇಡಿಕೆ ಸಲ್ಲಿಸಿದ ಕಡೆಗೆ ಮಾತ್ರ ಬರುತ್ತದೆ. ಶಾಲೆ ಬಿಟ್ಟವರ ಕಾಲಮಿನಲ್ಲಿ ಸೊನ್ನೆ ಬರೆದ ಶಾಲೆ ಬೇಡಿಕೆ ಹೇಗೆ ಸಲ್ಲಿಸೀತು? ಅದಕ್ಕೂ ಮೊದಲು ಪಟ್ಟಿಯೇ ಬೇಕು.

ಈ ಮೂರೂ ಆದ ಮೇಲೆ, ಎಲ್ಲಿ ಮಕ್ಕಳು ಹೆಚ್ಚಿದ್ದಾರೆ, ಸುತ್ತಲಿನ ಎರಡು ಮೂರು ಊರುಗಳಿಗೆ ಎಲ್ಲಿ ನಡುವಾಗುತ್ತದೆ, ಅಲ್ಲಿ ಎಂಟನೆಯ ತರಗತಿ ತೆರೆಯಲಿ, ಪದವೀಧರ ಶಿಕ್ಷಕರೊಡನೆ ತೆರೆಯಲಿ. ಅದು ನಮ್ಮ ಊರೇ ಆಗಬೇಕೆಂಬ ಹಟ ನನಗಿಲ್ಲ. ಆ ಮಟ್ಟಿಗೆ ನಿನ್ನ ಮಾತಿನಿಂದ ನಿನ್ನನ್ನು ಬಿಡುಗಡೆ ಮಾಡುತ್ತೇನೆ.

ಕೊನೆಯದಾಗಿ ಒಂದು ಮನೆಯ ಮಾತು. ನಿನ್ನ ಅಕ್ಕನ ಮಗಳು ಈ ವರ್ಷ ನಮ್ಮಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಳೆ. ಲೆಕ್ಕದಲ್ಲಿ ತಾಯಿಯಂತೆಯೇ. ಮಾರ್ಚಿಗೆ ಮುಗಿಸುತ್ತಾಳೆ. ನೀನು ಅವಳನ್ನು ನಿನ್ನ ಹತ್ತಿರ ಕರೆದುಕೊಂಡು ಹೋಗಿ ಒಳ್ಳೆಯ ಶಾಲೆಗೆ ಸೇರಿಸುವೆ ಎಂದು ನಿನ್ನ ಅಕ್ಕ ಹೇಳಿದಳು. ಸಂತೋಷ. ಅವಳು ಓದಲಿ. ಆದರೆ ಅವಳ ಬೆಂಚಿನಲ್ಲಿ ಇನ್ನಿಬ್ಬರು ಕುಳಿತುಕೊಳ್ಳುತ್ತಾರೆ. ಅವರಿಗೆ ಅಧಿಕಾರಿಯಾದ ಮಾವ ಇಲ್ಲ. ಅಂದು ನೀನು ನನ್ನ ಕೈ ಹಿಡಿದು ಹೇಳಿದ್ದು ನಿನ್ನ ಮನೆಯವಳ ವಿಷಯವಾಗಿರಲಿಲ್ಲ, “ಇನ್ನೊಬ್ಬಾಕಿ” ವಿಷಯವಾಗಿತ್ತು.

ಬರುವ ಮೇ ತಿಂಗಳಲ್ಲಿ ನನಗೆ ನಿವೃತ್ತಿ. ಅದಕ್ಕೆ ಮೊದಲು ಈ ವರ್ಷದ ವರದಿಗೆ ಸಹಿ ಮಾಡಬೇಕು. ಆ ಕಾಲಮಿನಲ್ಲಿ ಏನು ಬರೆಯಲಿ ಎಂದು ತಿಳಿಸು.

ಇಂತಿ ನಿನ್ನ ಗುರುಗಳು.

ಪತ್ರ ಇಲ್ಲಿಗೆ ಮುಗಿಯುತ್ತದೆ. ಇದನ್ನು ಓದಿದ ಅಧಿಕಾರಿ ಏನು ಮಾಡಬಹುದು? ಆತ ಕೆಟ್ಟವನೆಂದು ಭಾವಿಸಬೇಕಾಗಿಲ್ಲ. ಅಧಿಕಾರಿಗಳಾದ ನಮ್ಮ ಹಳ್ಳಿಯ ಮಕ್ಕಳಲ್ಲಿ ಬಹುತೇಕರು ಊರನ್ನು ಮರೆತವರಲ್ಲ. ಅವರು ಊರಿಗೆ ಬರುತ್ತಾರೆ, ಶಾಲೆಗೆ ಕಪಾಟು, ಫ್ಯಾನು, ನೀರಿನ ಟ್ಯಾಂಕು ಕೊಡುತ್ತಾರೆ. ಮನೆಯ ಒಂದಿಬ್ಬರು ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಂಡು ಓದಿಸುತ್ತಾರೆ. ತೊಂದರೆ ಇರುವುದು ಇಲ್ಲಿಯೇ. ಕೊಟ್ಟ ಮಾತನ್ನು ಅವರು ವ್ಯಕ್ತಿಯಾಗಿ ಉಳಿಸಿಕೊಳ್ಳುತ್ತಾರೆ, ಅಧಿಕಾರಿಯಾಗಿ ಅಲ್ಲ. ಟ್ಯಾಂಕು ಕೊಡಲು ಅಧಿಕಾರಿಯೇ ಬೇಕಾಗಿಲ್ಲ, ಊರಿನ ವರ್ತಕರೂ ಕೊಡಬಲ್ಲರು. ಆದರೆ ಜುಲೈ 1ರ ಪಟ್ಟಿಯನ್ನು ಯಾವ ದಾನಿಯೂ ತರಿಸಲಾರ. ಅದಕ್ಕೆ ಆ ಕುರ್ಚಿಯೇ ಬೇಕು. ಗುರುಗಳು ಕೇಳುತ್ತಿರುವುದು ಶಿಷ್ಯನ ಜೇಬಿನಿಂದಲ್ಲ, ಅವನ ಕುರ್ಚಿಯಿಂದ.

ವಸತಿ ಶಾಲೆಗಳಿವೆಯಲ್ಲ ಎಂದು ಕೆಲವರು ಹೇಳಬಹುದು. ಹೌದು, ಇವೆ. ಕಿತ್ತೂರಿನಲ್ಲಿಯೇ 1969ರಿಂದ ಹೆಣ್ಣು ಮಕ್ಕಳ ವಸತಿ ಸೈನಿಕ ಶಾಲೆ ಇದೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಆದರೆ ಇವು ಮಕ್ಕಳನ್ನು ಪ್ರವೇಶ ಪರೀಕ್ಷೆಯ ಮೂಲಕ ಆರಿಸಿಕೊಳ್ಳುವುದು ಮುಖ್ಯವಾಗಿ ಆರನೆಯ ತರಗತಿಗೆ. ಐದರಲ್ಲಿ ಆ ಪರೀಕ್ಷೆ ಬರೆಯದ, ಬರೆದರೂ ಆಯ್ಕೆಯಾಗದ ಹುಡುಗಿ ಏಳು ಮುಗಿಸಿ ನಿಂತಾಗ ಆ ಬಾಗಿಲು ಎರಡು ವರ್ಷ ಹಿಂದೆಯೇ ಮುಚ್ಚಿರುತ್ತದೆ. ಆರಿಸಿಕೊಳ್ಳುವ ಶಾಲೆಗಳು ಎಷ್ಟೇ ಒಳ್ಳೆಯವಾದರೂ ಆಯ್ಕೆಯಾಗದವರ ಲೆಕ್ಕವನ್ನು ಅವು ಇಡುವುದಿಲ್ಲ.

2021ರ ನವೆಂಬರಿನಲ್ಲಿ ಮುಂಬಯಿ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಎಂಬ ಹೆಸರನ್ನು ಸರಕಾರ ಕೊಟ್ಟಿತು. ಒಬ್ಬ ಮಹಿಳೆಯ ಹೋರಾಟದಿಂದ ಪ್ರಸಿದ್ಧವಾದ ಊರಿನ ಹೆಸರು ಇಡೀ ಪ್ರದೇಶಕ್ಕೆ ಸಿಕ್ಕಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಸರಿನ ಪ್ರದೇಶದಲ್ಲಿಯೇ ಹುಡುಗಿಯೊಬ್ಬಳು ಏಳನ್ನು ಪಾಸಾಗಿ ಎಂಟಕ್ಕೆ ಬರದಿದ್ದರೆ ಅವಳ ಹೆಸರನ್ನು ಯಾರು ಬರೆದುಕೊಳ್ಳಬೇಕು ಎಂಬುದು ಕಾಯ್ದೆಯ ಪುಟದಲ್ಲಿ ಮಾತ್ರ ಸ್ಪಷ್ಟವಾಗಿದೆ.

ಇನ್ನು ನಮ್ಮ ಪಾಲಿನ ಮಾತು. ಸರಕಾರದ ಪಟ್ಟಿ ಬರುವವರೆಗೆ ಕಾಯಬೇಕಾದ ಅಗತ್ಯ ಯಾವ ಊರಿಗೂ ಇಲ್ಲ. ಏಳು ಮುಗಿಸಿದವರ ಹೆಸರು ಶಾಲೆಯಲ್ಲಿದೆ, ಎಂಟಕ್ಕೆ ಸೇರಿದವರ ಹೆಸರು ಹೈಸ್ಕೂಲಿನಲ್ಲಿದೆ. ಎಸ್.ಡಿ.ಎಂ.ಸಿ.ಯ ಒಬ್ಬ ಸದಸ್ಯ, ಜಮಾಅತಿನ ಒಬ್ಬ ಕಾರ್ಯದರ್ಶಿ, ಯುವಕ ಮಂಡಳದ ಇಬ್ಬರು ಹುಡುಗರು ಜೂನ್ ಕೊನೆಯ ವಾರದಲ್ಲಿ ಅರ್ಧ ದಿನ ಕುಳಿತರೆ ಎರಡನ್ನೂ ಹೋಲಿಸಿ ನೋಡಬಹುದು. ಆ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರು ಇರಬಹುದೆಂಬ ಅಳುಕಿನಿಂದ ನಾವು ಕುಳಿತುಕೊಳ್ಳದೇ ಇರಬಹುದು. ಹುಡುಗಿ ದೊಡ್ಡವಳಾದಳು, ದಾರಿ ದೂರ ಎಂದು ಹೇಳುವವರಲ್ಲಿ ನಾವೂ ಇದ್ದೇವೆ. ದಾರಿ ನಿಜವಾಗಿಯೂ ದೂರವಿರುವ ಕಡೆ ಬಸ್ಸಿನ ವೇಳೆ ಬದಲಿಸಲು ಕೇಳಬೇಕು. ದೂರವೆಂಬುದು ಬರಿಯ ನೆಪವಾಗಿರುವ ಕಡೆ ಅದನ್ನು ನಮ್ಮವರ ಮುಂದೆಯೇ ಹೇಳಬೇಕು.

ಮೇಲಿನ ಪತ್ರದ ಅಧ್ಯಾಪಕರು ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ. ಅವರ ನಂತರ ಬರುವವರು ಹೈಸ್ಕೂಲಿನವರೆಗೆ ನಡೆದು ಹೋಗಿ ದಾಖಲಾತಿ ಪುಸ್ತಕ ನೋಡಬೇಕೆಂಬ ನಿಯಮವೇನೂ ಇಲ್ಲ. ನೋಡದಿದ್ದರೆ ವರದಿಯಲ್ಲಿ ಮತ್ತೆ ಸೊನ್ನೆ ಬರುತ್ತದೆ, ಸಭೆಯಲ್ಲಿ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಶಿಷ್ಯನ ಉತ್ತರ ಅಷ್ಟರೊಳಗೆ ಬರಬೇಕು. ಅದು ಕಾಗದದ ರೂಪದಲ್ಲಿ ಬರಬೇಕೆಂದಿಲ್ಲ, ಜುಲೈ 1ರಂದು ಪಂಚಾಯಿತಿಗೆ ತಲುಪುವ ಪಟ್ಟಿಯ ರೂಪದಲ್ಲಿ ಬಂದರೆ ಸಾಕು.